ಸೂಪಿನಲ್ಲಿ ಮೊಟ್ಟೆಯ ಎಳೆ

ಚೀನಾದ ಮನೆಗಳಲ್ಲಿ ಎಗ್ ಡ್ರಾಪ್ ಸೂಪ್ ದಿನದ ಅಡುಗೆ. ಕೋಳಿ ಮೂಳೆ ಬೇಯಿಸಿ ಸೋಸಿದ ಸ್ಟಾಕ್, ಉಪ್ಪು, ಬಿಳಿ ಮೆಣಸಿನ ಪುಡಿ, ಒಂದೆರಡು ಮೊಟ್ಟೆ, ಮೇಲಿಷ್ಟು ಈರುಳ್ಳಿ ಸೊಪ್ಪು ಇದ್ದರೆ ಸಾಕು. ಸಾಮಾನು ಇಷ್ಟು ಕಡಿಮೆ ಇರುವುದರಿಂದಲೇ ಕೈ ತಪ್ಪಿದ್ದು ಬಟ್ಟಲಲ್ಲಿ ತಕ್ಷಣ ಕಾಣುತ್ತದೆ. ತಿಳಿ ಸೂಪಿನಲ್ಲಿ ನುಣುಪಾದ, ಅಗಲವಾದ ಎಳೆಗಳು ತೇಲಬೇಕಾದ ಕಡೆ ಒಡೆದ ಹಾಲಿನಂಥ ಚೂರುಗಳು ತುಂಬಿಕೊಂಡಿರುತ್ತವೆ.

ಕೋಳಿಮೊಟ್ಟೆ ಬಿಸಿಗೆ ಒಂದೇ ಸಲ ಗಟ್ಟಿಯಾಗುವುದಿಲ್ಲ. ಬಿಳಿಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಪ್ಪುಗಟ್ಟತೊಡಗುತ್ತದೆ, ಹಳದಿ 65ರಿಂದ 70ರ ನಡುವೆ. ಬಿಳಿಭಾಗದಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು ಗಟ್ಟಿಯಾಗಲು 80 ಡಿಗ್ರಿಯ ಹತ್ತಿರ ಬರಬೇಕು. ಅಂದರೆ ಕಲಕಿದ ಮೊಟ್ಟೆ ಬಿಸಿ ಸ್ಟಾಕಿಗೆ ಬಿದ್ದ ಮೇಲೂ ಕೆಲವು ಕ್ಷಣ ಅದು ಅರ್ಧ ದ್ರವವೇ. ಆ ಕ್ಷಣಗಳಲ್ಲಿ ಅದನ್ನು ಯಾವುದು ಅಲುಗಾಡಿಸುತ್ತದೆ, ಎಷ್ಟು ಜೋರಾಗಿ ಅಲುಗಾಡಿಸುತ್ತದೆ ಎನ್ನುವುದರ ಮೇಲೆ ಎಳೆಯೋ ಚೂರೋ ಎಂಬುದು ತೀರ್ಮಾನವಾಗುತ್ತದೆ.

ಕೊತಕೊತ ಕುದಿಯುವ ಸ್ಟಾಕಿನಲ್ಲಿ ಗುಳ್ಳೆಗಳೇ ಮೊಟ್ಟೆಯನ್ನು ಹರಿದುಹಾಕುತ್ತವೆ. ಆಗ ಸಿಗುವುದು ಸಣ್ಣ, ಬಿರುಸಾದ ಹರಳು. ಮೇಲೆ ಬೂದುಬಣ್ಣದ ನೊರೆ. ಸ್ಟಾಕ್ ಸಾಕಷ್ಟು ಬಿಸಿಯಿಲ್ಲದಿದ್ದರೆ ತೊಂದರೆ ಬೇರೆ. ಗಟ್ಟಿಯಾಗುವ ಮೊದಲೇ ಮೊಟ್ಟೆ ಕರಗಿ ಎಲ್ಲ ಕಡೆ ಬೆರೆತುಬಿಡುತ್ತದೆ, ಚೂರೂ ಇಲ್ಲದೆ ಸೂಪು ಇಡೀ ಮಬ್ಬಾಗುತ್ತದೆ. ಎರಡನ್ನೂ 'ಸೂಪು ಕದಡಿತು' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಒಂದಕ್ಕೆ ಉರಿ ತಗ್ಗಿಸಬೇಕು, ಇನ್ನೊಂದಕ್ಕೆ ಏರಿಸಬೇಕು. ಬೇಕಾದ ಹದ ಇವೆರಡರ ನಡುವಿನದು: ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು, ನಡುಭಾಗ ಬರೀ ನಡುಗುತ್ತಿರಬೇಕು.

ಈ ಹದವನ್ನು ಸುಲಭ ಮಾಡುವುದು ಕಾರ್ನ್‌ಫ್ಲೋರ್. ಬಹಳ ಜನ ಅದನ್ನು ಸೂಪು ಮಂದವಾಗಲೆಂದು ಮಾತ್ರ ಹಾಕುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ ಬೇರೆಯೇ. ಮಂದವಾದ ಸ್ಟಾಕ್ ನಿಧಾನವಾಗಿ ಚಲಿಸುತ್ತದೆ, ಬಿದ್ದ ಮೊಟ್ಟೆಯನ್ನು ತಳಕ್ಕೆ ಇಳಿಯಲು ಬಿಡದೆ ಎತ್ತಿ ಹಿಡಿಯುತ್ತದೆ. ಹಾಗಾಗಿ ಕಾರ್ನ್‌ಫ್ಲೋರ್ ಮೊದಲು, ಮೊಟ್ಟೆ ಆಮೇಲೆ. ಈ ಕ್ರಮ ತಿರುವುಮುರುವಾದರೆ ಆ ಅನುಕೂಲವೇ ಇಲ್ಲ. ನಮ್ಮೂರಿನ ಚೈನೀಸ್ ಹೋಟೆಲುಗಳ ಸ್ವೀಟ್ ಕಾರ್ನ್ ಸೂಪಿಗೂ ಇದೇ ಕ್ರಮ. ಮೊಟ್ಟೆಗೂ ಚಿಟಿಕೆ ಕಾರ್ನ್‌ಫ್ಲೋರ್ ಸೇರಿಸಿದರೆ ಅದರ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ, ಎಳೆ ಮೆತ್ತಗಿರುತ್ತದೆ.

ಮೂರು ಜನರಿಗೆ ಮುಕ್ಕಾಲು ಲೀಟರ್ ಸ್ಟಾಕ್, 2 ಮೊಟ್ಟೆ ಎಂದಿಟ್ಟುಕೊಳ್ಳಿ. ಮೊದಲು 2 ಟೇಬಲ್ ಚಮಚ ಕಾರ್ನ್‌ಫ್ಲೋರನ್ನು ಅಷ್ಟೇ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಕುದಿಯುವ ಸ್ಟಾಕಿಗೆ ಉಪ್ಪು, ಬಿಳಿ ಮೆಣಸು ಹಾಕಿ, ಹಿಟ್ಟು ತಳದಲ್ಲಿ ಕೂತಿರುತ್ತದಾದ್ದರಿಂದ ಇನ್ನೊಮ್ಮೆ ಕದಡಿ ಸುರಿಯಿರಿ. ಒಂದು ನಿಮಿಷ ಕುದಿಯಬೇಕು. ಹಸಿ ಹಿಟ್ಟಿನ ಬಿಳುಪು ಹೋಗಿ ಸ್ಟಾಕ್ ಹೊಳೆಯತೊಡಗಿದರೆ ಅದು ಬೆಂದಿದೆ ಎಂದರ್ಥ. ಸೌಟಿನ ಹಿಂಬದಿಗೆ ತೆಳ್ಳಗೆ ಅಂಟಿಕೊಂಡರೆ ಸಾಕು, ಅದಕ್ಕಿಂತ ಗಟ್ಟಿಯಾದರೆ ಸೂಪು ಗಂಜಿಯಾಗುತ್ತದೆ.

ಮೊಟ್ಟೆಯನ್ನು ಫೋರ್ಕಿನಿಂದ ಕಲಕಿ, ಆದರೆ ನೊರೆ ಬರಿಸಬೇಡಿ. ನೊರೆ ಹಾಗೇ ಮೇಲೆ ತೇಲಿ ಸ್ಪಂಜಿನಂತೆ ನಿಲ್ಲುತ್ತದೆ. ಬಿಳಿಭಾಗದ ಲೋಳೆ ಉಳಿದಿದ್ದರೂ ಅದು ಮುದ್ದೆಯಾಗಿ ಬೀಳುತ್ತದೆ, ಆದ್ದರಿಂದ ಫೋರ್ಕ್ ಎತ್ತಿದಾಗ ಮೊಟ್ಟೆ ಕಡಿಯದೆ ಸಮವಾಗಿ ಇಳಿಯುವಷ್ಟು ಕಲಕಬೇಕು.

ಈಗ ಉರಿ ಪೂರ್ತಿ ತಗ್ಗಿಸಿ. ಸೌಟಿನಿಂದ ಒಂದೇ ದಿಕ್ಕಿನಲ್ಲಿ ಸ್ಟಾಕನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಸೌಟು ಹೊರಗೆ ತೆಗೆಯಿರಿ. ಆ ತಿರುಗುವ ಸ್ಟಾಕಿನ ಮೇಲೆ ಫೋರ್ಕಿನ ಹಲ್ಲುಗಳ ಮೂಲಕ, ಒಂದು ಗೇಣು ಎತ್ತರದಿಂದ, ಸಣ್ಣ ಧಾರೆಯಾಗಿ ಮೊಟ್ಟೆ ಬಿಡಿ. ಧಾರೆಯ ಜಾಗ ಬದಲಿಸುತ್ತಿರಬೇಕು, ಒಂದೇ ಕಡೆ ಸುರಿದರೆ ಅಲ್ಲಿ ಸ್ಟಾಕ್ ತಣ್ಣಗಾಗಿ ಮೊಟ್ಟೆ ಗುಪ್ಪೆಯಾಗುತ್ತದೆ. ಸುರಿದಾದ ಮೇಲೆ ಒಲೆ ಆರಿಸಿ, ಹದಿನೈದಿಪ್ಪತ್ತು ಸೆಕೆಂಡು ಮುಟ್ಟದೆ ಬಿಡಿ. ಇಲ್ಲಿ ಕೈ ತಡೆಯುವುದೇ ಕಷ್ಟ, ಆದರೆ ಎಳೆ ಗಟ್ಟಿಯಾಗುವುದು ಈ ಹೊತ್ತಿನಲ್ಲೇ. ಆಮೇಲೆ ಸೌಟನ್ನು ಒಂದೆರಡು ಸಲ ಮೆಲ್ಲಗೆ ಆಡಿಸಿದರೆ ಹಾಳೆಯಾಗಿ ನಿಂತದ್ದು ಅಗಲ ಎಳೆಗಳಾಗಿ ಬಿಡಿಸಿಕೊಳ್ಳುತ್ತದೆ. ದಾರದಂಥ ಸಣ್ಣ ಎಳೆ ಇಷ್ಟಪಡುವವರು ಸುರಿಯುತ್ತಲೇ ತಿರುಗಿಸಬಹುದು, ಅದೂ ತಪ್ಪಲ್ಲ.

ನಾಲ್ಕು ಹನಿ ಎಳ್ಳೆಣ್ಣೆ, ಈರುಳ್ಳಿ ಸೊಪ್ಪು ಹಾಕಿ ಕೂಡಲೇ ಬಡಿಸಿ. ಮುಚ್ಚಿಟ್ಟ ಸೂಪಿನ ಬಿಸಿಯಲ್ಲೇ ಮೊಟ್ಟೆ ಇನ್ನಷ್ಟು ಬೆಂದು ಬಿರುಸಾಗುತ್ತದೆ, ಮತ್ತೆ ಕುದಿಸಿದರೆ ಎಳೆಗಳು ಒಡೆಯುತ್ತವೆ. ಯಾರಾದರೂ ತಡವಾಗಿ ಬರುವವರಿದ್ದರೆ ಮಂದ ಮಾಡಿದ ಸ್ಟಾಕನ್ನಷ್ಟೇ ಎತ್ತಿಟ್ಟು, ಅವರು ಊಟಕ್ಕೆ ಕೂತಾಗ ಬಿಸಿಮಾಡಿ ಮೊಟ್ಟೆ ಬಿಡಿ.