ಹದಿನಾಲ್ಕು ಚುಕ್ಕಿ, ನಾಲ್ಕು ಪರಮಾಣು

ನೋಟ್ಸ್ ಪುಟವೊಂದರ ಫೋಟೊ. ಕೈಯಲ್ಲಿ ಎಳೆದ ಒಂದು ಘನ, ಹಿಂಬದಿಯ ಅಂಚುಗಳಿಗೆ ತುಂಡುಗೆರೆ, ಅಲ್ಲಲ್ಲಿ ಚುಕ್ಕಿಗಳು, ಪಕ್ಕದಲ್ಲಿ ‘ತಾಮ್ರ, a = 361.5 pm’ ಎಂಬ ಬರಹ. ಇಷ್ಟನ್ನೇ ಹಿಡಿದು ತಾಮ್ರದ ಸಾಂದ್ರತೆಯನ್ನು ಲೆಕ್ಕ ಹಾಕಬಹುದು. ಅದಕ್ಕೆ ಮೊದಲು ಚಿತ್ರವನ್ನು ಸರಿಯಾಗಿ ಓದಬೇಕು.

ಮುಖದ ನಡುವಿನ ಚುಕ್ಕಿ ಯಾವುದು, ಘನದ ಒಡಲಿನ ನಡುವಿನದು ಯಾವುದು ಎಂಬಲ್ಲೇ ಕಣ್ಣು ಎಡವುವುದು. ಓರೆಯಾಗಿ ತೆಗೆದ ಫೋಟೊದಲ್ಲಿ ಉದ್ದಗಳು, ಕೋನಗಳು ಕೆಡುತ್ತವೆ. ನೇರ ಗೆರೆ ಮಾತ್ರ ನೇರವಾಗಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಮುಖಕ್ಕೂ ಎರಡು ಕರ್ಣಗಳನ್ನು ಎಳೆದು ನೋಡಬೇಕು. ಅವು ಕೂಡುವಲ್ಲಿ ಚುಕ್ಕಿಯಿದ್ದರೆ ಅದು ಆ ಮುಖದ್ದು. ಒಡಲಿನ ನಡುವಿನ ಚುಕ್ಕಿಯಾದರೆ ಎದುರುಬದುರು ಮೂಲೆಗಳನ್ನು ಘನದ ಒಳಗಿನಿಂದ ಸೇರಿಸುವ ಗೆರೆಗಳು ಕೂಡುವಲ್ಲಿ ಇರುತ್ತದೆ. ಹೀಗೆ ಪರೀಕ್ಷಿಸಿದರೆ ನಮ್ಮ ಚಿತ್ರದಲ್ಲಿ ಎಂಟು ಮೂಲೆಗೂ ಆರು ಮುಖಕ್ಕೂ ಒಂದೊಂದು ಚುಕ್ಕಿ ಸಿಗುತ್ತದೆ, ಒಡಲಿನ ನಡುವೆ ಏನೂ ಇಲ್ಲ. ಇದು ಮುಖಕೇಂದ್ರಿತ ಘನ.

ಚುಕ್ಕಿ ಹದಿನಾಲ್ಕಾದರೂ ಅವೆಲ್ಲ ಈ ಒಂದೇ ಕೋಶದ ಸ್ವತ್ತಲ್ಲ. ಸ್ಫಟಿಕದಲ್ಲಿ ಇದೇ ಘನ ಎಲ್ಲ ದಿಕ್ಕಿಗೂ ಒತ್ತೊತ್ತಾಗಿ ಕೂತಿದೆ. ಮುಖದ ಮೇಲಿನ ಪರಮಾಣು ಎರಡು ಮನೆಗಳ ನಡುಗೋಡೆಯಂತೆ, ಅರ್ಧ ಈಚೆಗೆ, ಅರ್ಧ ಆಚೆಗೆ. ಮೂಲೆಯಲ್ಲಿ ಎಂಟು ಘನಗಳು ಸೇರುವುದರಿಂದ ಒಂದೊಂದಕ್ಕೆ ಎಂಟನೇ ಒಂದು ಪಾಲು. ಎಂಟು ಮೂಲೆಗಳಿಂದ 1, ಆರು ಮುಖಗಳಿಂದ 3, ಒಟ್ಟು 4. ಇದೇ Z.

ಇನ್ನು ತೂಕ. ತಾಮ್ರದ ಮೋಲಾರ್ ದ್ರವ್ಯರಾಶಿ 63.55 ಗ್ರಾಂ. ಅದನ್ನು ನಾಲ್ಕರಿಂದ ಗುಣಿಸಿ, ಆವೊಗಾಡ್ರೊ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೋಶದ ದ್ರವ್ಯರಾಶಿ. ಅದನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ:

ρ = ZM / (N·a³)

ಪಿಕೋಮೀಟರನ್ನು ಸೆಂಟಿಮೀಟರಿಗೆ ತಂದಾಗ a = 3.615 × 10⁻⁸, ಘನಿಸಿದರೆ 4.724 × 10⁻²³. ಹತ್ತರ ಘಾತವನ್ನೂ ಮೂರರಿಂದ ಗುಣಿಸಲು ಮರೆಯುವವರೇ ಹೆಚ್ಚು. ಕೋಶದ ದ್ರವ್ಯರಾಶಿ 4.221 × 10⁻²² ಗ್ರಾಂ. ಉತ್ತರ, ಘನ ಸೆಂಟಿಮೀಟರಿಗೆ 8.94 ಗ್ರಾಂ. ಲೋಹವನ್ನೇ ತೂಗಿ ಅಳೆದ ಬೆಲೆ ಸುಮಾರು 8.96.

ಓದು ತಪ್ಪಿದ್ದರೆ ಉತ್ತರವೇ ಹೇಳಿಬಿಡುತ್ತದೆ. ಹದಿನಾಲ್ಕನ್ನೂ ಪೂರ್ತಿ ಎಣಿಸಿದ್ದರೆ ಸಾಂದ್ರತೆ 31 ದಾಟುತ್ತದೆ. ಧಾತುಗಳಲ್ಲೆಲ್ಲ ಅತಿ ಸಾಂದ್ರವಾದ ಆಸ್ಮಿಯಮ್ಮೇ 22.6ರಷ್ಟಿದೆ. ಕಾಯಕೇಂದ್ರಿತ ಎಂದು ತಿಳಿದು Z ಅನ್ನು 2 ಮಾಡಿದ್ದರೆ ಸರಿಯಾಗಿ ಅರ್ಧ, 4.47.

ಚಿತ್ರ ಮಸುಕಾಗಿದ್ದು ಸಾಂದ್ರತೆ ಗೊತ್ತಿದ್ದರೆ ಇದೇ ಸೂತ್ರದಿಂದ ಹಿಂದಕ್ಕೆ ಹೋಗಿ Z ಕಂಡುಕೊಳ್ಳಬಹುದು. 8.96ರಿಂದ ಹೊರಟರೆ 4.01 ಬರುತ್ತದೆ, ಅಂದರೆ 4. ಕೋಶದಲ್ಲಿ ಎಷ್ಟು ಪರಮಾಣುಗಳಿವೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಆ ನಾಲ್ಕು ಎಲ್ಲೆಲ್ಲಿ ಕೂತಿವೆ ಎಂದು ತಿಳಿಯಲು ಎಕ್ಸ್-ರೇ ವಿವರ್ತನೆಯಂಥ ವಿಧಾನ ಬೇಕು.