ಗಂಟಿಲ್ಲದ ಮುದ್ದೆಗೆ ಸುಳ್ಳಿಲ್ಲದ ಥಂಬ್‌ನೇಲ್

ರಾಗಿ ಮುದ್ದೆ ಮಾಡುವುದನ್ನು ತೋರಿಸುವ ಎಂಟು ನಿಮಿಷದ ವಿಡಿಯೊ ಸಿದ್ಧವಾಗಿದೆ ಎಂದಿಟ್ಟುಕೊಳ್ಳಿ. ಯೂಟ್ಯೂಬಿಗೆ ಹಾಕುವ ಮುನ್ನ ಶೀರ್ಷಿಕೆ ಮತ್ತು ಥಂಬ್‌ನೇಲ್ ಆಗಬೇಕು. ‘ಈ ರಹಸ್ಯ ಯಾರೂ ಹೇಳಲ್ಲ, ನೋಡಿದ್ರೆ ಶಾಕ್ ಆಗ್ತೀರ!’ ಎಂದು ಬರೆದು, ಬಾಯಿ ತೆರೆದ ಮುಖಕ್ಕೊಂದು ಕೆಂಪು ಬಾಣ ಅಂಟಿಸಿದರೆ ಕ್ಲಿಕ್ ಬಂದೀತು. ಬಂದವರು ರಹಸ್ಯಕ್ಕಾಗಿ ಅರ್ಧ ನಿಮಿಷ ಕಾದು ಎದ್ದು ಹೋಗುತ್ತಾರೆ. ಯೂಟ್ಯೂಬ್ ಬರೀ ಕ್ಲಿಕ್ ಎಣಿಸುತ್ತಿದ್ದ ಕಾಲ 2012ಕ್ಕೇ ಮುಗಿಯಿತು. ಜನ ಎಷ್ಟು ಹೊತ್ತು ಕೂತು ನೋಡಿದರು ಎಂಬುದಕ್ಕೆ ಆಗಿನಿಂದ ಹೆಚ್ಚು ಬೆಲೆ. ಎದ್ದು ಹೋದವರ ಲೆಕ್ಕ ಆ ವಿಡಿಯೊಗೇ ಮುಳುವಾಗುತ್ತದೆ.

ಹಾಗಾದರೆ ಏನು ಬರೆಯಬೇಕು? ಉತ್ತರ ವಿಡಿಯೊದ ಒಳಗೇ ಇರುತ್ತದೆ. ನಮ್ಮ ಮುದ್ದೆಯ ವಿಡಿಯೊದಲ್ಲಿ ಅಡುಗೆಯವರು ಒಂದು ಮುದ್ದೆಯನ್ನು ಮುರಿದು ತೋರಿಸುತ್ತಾರೆ. ಒಳಗೆ ಒಣಹಿಟ್ಟಿನ ಬಿಳಿಚಿದ ಗಂಟುಗಳು. ಕುದಿಯುವ ನೀರಿಗೆ ಹಿಟ್ಟು ಸುರಿದ ಕೂಡಲೇ ತಿರುವಿದ್ದರಿಂದ ಗಂಟಿನ ಹೊರಮೈ ಬೆಂದು, ಒಳಗಿನ ಹಿಟ್ಟಿಗೆ ನೀರೇ ತಾಗಿಲ್ಲ. ಇಡೀ ವಿಡಿಯೊದ ಜೀವ ಇದೇ. ಮುದ್ದೆ ಕಟ್ಟಲು ಹೋಗಿ ಸೋತವರಿಗೆಲ್ಲ ಕಾಡುವ ಪ್ರಶ್ನೆಯೂ ಇದೇ. ಆದ್ದರಿಂದ ಶೀರ್ಷಿಕೆ: ‘ರಾಗಿ ಮುದ್ದೆ ಗಂಟಾಗುವುದೇಕೆ? ಗಂಟಿಲ್ಲದೆ ತಿರುವುವ ಕ್ರಮ’. ಚಿತ್ರದಲ್ಲಿ ಎಡಕ್ಕೆ ಮುರಿದ ಗಂಟು ಮುದ್ದೆ, ಬಲಕ್ಕೆ ನುಣುಪಾದ ಮುದ್ದೆ. ಎರಡೂ ಅದೇ ಅಡುಗೆಮನೆಯಲ್ಲಿ, ಅದೇ ದಿನ ತೆಗೆದ ಫೋಟೊ ಆಗಿರಲಿ. ಇಂಟರ್‌ನೆಟ್ಟಿನಿಂದ ಇಳಿಸಿದ ಹೊಳೆಯುವ ಮುದ್ದೆ ಬೇಡ.

ಕುತೂಹಲ ಹುಟ್ಟಿಸುವುದು ತಪ್ಪಲ್ಲ. ‘ಗಂಟಾಗುವುದೇಕೆ?’ ಎಂದು ಕೇಳಿದಾಗ ಉತ್ತರ ಬಚ್ಚಿಟ್ಟಿದ್ದೇವೆ, ಆದರೆ ಆ ಉತ್ತರ ಒಳಗಿದೆ. ‘ಶಾಕ್ ಆಗ್ತೀರ’ ಎಂದಾಗ ಒಳಗೆ ಕೊಡಲು ಏನೂ ಇಲ್ಲ. ಕ್ಲಿಕ್‌ಬೈಟ್‌ಗೂ ಒಳ್ಳೆಯ ಶೀರ್ಷಿಕೆಗೂ ಇರುವ ಗೆರೆ ಇಷ್ಟೇ. ಇನ್ನೊಂದು ಎಚ್ಚರ: ಮುರಿದ ಮುದ್ದೆಯ ದೃಶ್ಯ ಮೂರನೇ ನಿಮಿಷದಲ್ಲಿದ್ದರೆ ಅದರ ತುಣುಕೊಂದನ್ನು ಮೊದಲ 30 ಸೆಕೆಂಡಿನೊಳಗೇ ತೋರಿಸಿಬಿಡಬೇಕು. ಚಿತ್ರ ನಂಬಿ ಬಂದವರಿಗೆ ‘ಸರಿಯಾದ ಜಾಗಕ್ಕೇ ಬಂದೆ’ ಅನ್ನಿಸಬೇಕು.

ಕನ್ನಡದಲ್ಲಿ ಮಾಡುವವರಿಗೆ ಬೇರೆಯೇ ಪೇಚುಗಳಿವೆ. ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಗುಣಿತದ ಚಿಹ್ನೆ, ಒತ್ತುಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದರಿಂದ ನಮ್ಮ ಮಿತಿ ಬೇಗ ತುಂಬುತ್ತದೆ. ಮೊಬೈಲ್‌ನಲ್ಲಿ ಅದಕ್ಕೂ ಮೊದಲೇ ಶೀರ್ಷಿಕೆ ತುಂಡಾಗುತ್ತದೆ. ಹಾಗಾಗಿ ‘ರಾಗಿ ಮುದ್ದೆ’, ‘ಗಂಟು’ ಎಂಬ ಮಾತುಗಳು ಆರಂಭದಲ್ಲೇ ಇರಲಿ, ಚಾನೆಲ್ಲಿನ ಹೆಸರು ಅಲ್ಲಿ ಬೇಡ. ಚಿತ್ರದ ಮೇಲಿನ ಬರಹಕ್ಕೆ ‘ಗಂಟು ಯಾಕೆ?’ ಎಂಬ ಎರಡು ಪದ ಸಾಕು. ಶೀರ್ಷಿಕೆಯನ್ನೇ ಅಲ್ಲಿ ಮತ್ತೆ ಬರೆಯಬೇಕಿಲ್ಲ. ತೀರಾ ದಪ್ಪ ಫಾಂಟ್ ಬಳಸಿದರೆ ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡು ಕಪ್ಪು ಕಲೆಯಂತಾಗುತ್ತವೆ. 1280x720 ಅಳತೆಯಲ್ಲಿ ವಿನ್ಯಾಸ ಮಾಡಿದ ಮೇಲೆ ಅದನ್ನು ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ ನೋಡಿ. ಓದಲಾಗದ ಪದವನ್ನು ತೆಗೆದುಹಾಕಿ. ಕೆಳಗಿನ ಬಲಮೂಲೆಯಲ್ಲಿ ವಿಡಿಯೊದ ಅವಧಿ ಕೂರುವುದರಿಂದ ಅಲ್ಲಿ ಏನನ್ನೂ ಇಡಬೇಡಿ.

ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎರಡು ಅಂಕಿಗಳನ್ನು ಜೋಡಿಯಾಗಿ ಓದಬೇಕು. ಚಿತ್ರ ಕಂಡವರಲ್ಲಿ ನೂರಕ್ಕೆ ಎಷ್ಟು ಮಂದಿ ಒತ್ತಿದರು ಎಂಬುದು ಒಂದು, 30ನೇ ಸೆಕೆಂಡಿನಲ್ಲಿ ಎಷ್ಟು ಮಂದಿ ಉಳಿದಿದ್ದರು ಎಂಬುದು ಇನ್ನೊಂದು. ಅರ್ಧದಷ್ಟು ಚಾನೆಲ್‌ಗಳಲ್ಲಿ ಮೊದಲನೆಯದು ಶೇ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ನಿಮ್ಮ ಹಿಂದಿನ ವಿಡಿಯೊಗಳಿಗಿಂತ ಹೆಚ್ಚು ಮಂದಿ ಒತ್ತಿದ್ದಾರೆ, ಆದರೆ 30 ಸೆಕೆಂಡಿಗೇ ಹೆಚ್ಚು ಮಂದಿ ಹೋಗಿದ್ದಾರೆ ಎಂದರೆ ಶೀರ್ಷಿಕೆ ವಿಡಿಯೊಗಿಂತ ಜಾಸ್ತಿ ಮಾತಾಡಿರಬಹುದು. ಒತ್ತಿದವರು ಕಡಿಮೆ, ಉಳಿದವರು ಹೆಚ್ಚು ಎಂದರೆ ವಿಡಿಯೊ ಚೆನ್ನಾಗಿದೆ, ಚಿತ್ರ ಬದಲಿಸಿ. ಮೊದಲ ದಿನವೇ ತೀರ್ಪು ಕೊಡಬೇಡಿ. ವಿಡಿಯೊ ಅಪರಿಚಿತರಿಗೆ ಹೆಚ್ಚು ಕಾಣತೊಡಗಿದಂತೆ ಒತ್ತುವವರ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್‌ಗಳನ್ನು ಹಾಕಿ ಪರೀಕ್ಷಿಸುವ ಸೌಲಭ್ಯವೂ ಇದೆ. ಅಲ್ಲಿ ಗೆಲ್ಲುವುದು ಹೆಚ್ಚು ಕ್ಲಿಕ್ ತಂದ ಚಿತ್ರವಲ್ಲ, ಹೆಚ್ಚು ಹೊತ್ತು ನೋಡಿಸಿದ ಚಿತ್ರ.

ಅಡುಗೆಯಲ್ಲಿ ಮೋಸ ಹೋದವರಿಗೆ ಬೇಸರವಷ್ಟೇ. ಸುದ್ದಿಯಲ್ಲಿ ಹಾಗಲ್ಲ. ಬದುಕಿರುವವರ ಫೋಟೊಕ್ಕೆ ಹಾರ ಹಾಕಿದ ಥಂಬ್‌ನೇಲ್ ಕಂಡು ಗಾಬರಿಯಾಗುವ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಇದನ್ನು ಕ್ಷಮಿಸಲಾಗದು. ವಿಡಿಯೊದಲ್ಲಿ ಇಲ್ಲದ್ದನ್ನು ಶೀರ್ಷಿಕೆ, ಥಂಬ್‌ನೇಲ್‌ಗಳಲ್ಲಿ ಹೇಳುವವರ ಮೇಲೆ, ಅದರಲ್ಲೂ ಬ್ರೇಕಿಂಗ್ ನ್ಯೂಸ್ ಮತ್ತು ಪ್ರಚಲಿತ ವಿದ್ಯಮಾನಗಳ ವಿಷಯದಲ್ಲಿ, ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನೋಡುವವರ ಕೈಯಲ್ಲೂ ಒಂದು ಅಸ್ತ್ರವಿದೆ: ಅಂಥ ವಿಡಿಯೊ ಕಂಡರೆ ಕಾಮೆಂಟಿನಲ್ಲಿ ಬೈದು ಸುಮ್ಮನಾಗದೆ, ‘ರಿಪೋರ್ಟ್’ ಒತ್ತಿ ಹೊರಬನ್ನಿ.