ಎಷ್ಟನೆಯ ಊಟಕ್ಕೆ ಅಸಲು ಹುಟ್ಟುತ್ತದೆ?

ಮಧ್ಯಾಹ್ನ ಒಂದು ಗಂಟೆಗೆ ಕಾಲೇಜು ಕ್ಯಾಂಟೀನಿನ ಮುಂದೆ ಟೋಕನ್ ಹಿಡಿದು ನಿಂತವರ ಸಾಲು ನೋಡಿದರೆ ವ್ಯಾಪಾರ ಭರ್ಜರಿ ಅನ್ನಿಸುತ್ತದೆ. ಆದರೂ ತಿಂಗಳ ಕೊನೆಗೆ ಗುತ್ತಿಗೆದಾರರು ‘ಅಸಲೂ ಹುಟ್ಟಲಿಲ್ಲ’ ಎನ್ನುವುದುಂಟು. ಎಷ್ಟನೆಯ ಊಟಕ್ಕೆ ಅಸಲು ಹುಟ್ಟುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ವಾಣಿಜ್ಯ ವಿದ್ಯಾರ್ಥಿಗಳು ಇದನ್ನೇ ಬ್ರೇಕ್-ಈವನ್ ಎನ್ನುತ್ತಾರೆ.

ಉದಾಹರಣೆಗೆ, ಊಟವನ್ನಷ್ಟೇ ಮಾರುವ ಒಂದು ಕ್ಯಾಂಟೀನ್ ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 10,000 ರೂಪಾಯಿ, ಅಡುಗೆಯವರ ಮತ್ತು ಸಹಾಯಕರ ಸಂಬಳ 38,000, ಪಾತ್ರೆ-ಯಂತ್ರಗಳ ಸವಕಳಿ ಮತ್ತಿತರ ಖರ್ಚು 6,000. ಒಟ್ಟು 54,000. ಒಂದೂ ಊಟ ಮಾರದಿದ್ದರೂ ಇಷ್ಟು ಕೊಡಲೇಬೇಕು. ಇದು ಸ್ಥಿರ ವೆಚ್ಚ. ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಸೇರಿ ಒಂದು ಊಟಕ್ಕೆ ತಗಲುವುದು 28 ರೂಪಾಯಿ. ಊಟ ಹೆಚ್ಚಿದಂತೆ ಇದೂ ಹೆಚ್ಚುವುದರಿಂದ ಇದು ಬದಲಾಗುವ ವೆಚ್ಚ. ಮಾರುವ ಬೆಲೆ 40.

ಹಾಗಾದರೆ ಪ್ರತಿ ಊಟದಲ್ಲಿ ಉಳಿಯುವುದು 12 ರೂಪಾಯಿ. ಅದು ಇನ್ನೂ ಲಾಭವಲ್ಲ, ಮೊದಲು ಬಾಡಿಗೆ-ಸಂಬಳವನ್ನು ತೀರಿಸಬೇಕು. 54,000ವನ್ನು 12ರಿಂದ ಭಾಗಿಸಿದರೆ 4,500 ಊಟ. ತಿಂಗಳಿಗೆ 25 ಕೆಲಸದ ದಿನವೆಂದರೆ ದಿನಕ್ಕೆ 180. ಆ ತಿಂಗಳ 4,501ನೆಯ ಊಟದಿಂದಷ್ಟೇ ಲಾಭ ಶುರು.

ಈ ಲೆಕ್ಕದ ಜೀವವೆಲ್ಲ ಆ 12 ರೂಪಾಯಿಯಲ್ಲಿದೆ. ಎಣ್ಣೆ-ಬೇಳೆ ದುಬಾರಿಯಾಗಿ ಒಂದು ಊಟದ ಖರ್ಚು ಬರೀ 3 ರೂಪಾಯಿ ಏರಿತು ಎನ್ನಿ. ಉಳಿಯುವುದು 9. ಅಸಲು ಹುಟ್ಟಲು ಈಗ 6,000 ಊಟ, ಅಂದರೆ ದಿನಕ್ಕೆ 240 ಬೇಕು. ರಜೆ-ಪರೀಕ್ಷೆಗಳಿಂದ ಕೆಲಸದ ದಿನಗಳು 15ಕ್ಕೆ ಇಳಿದರಂತೂ, ಹಳೆಯ ಖರ್ಚಿನಲ್ಲೇ ದಿನಕ್ಕೆ 300 ಊಟ ಹೋಗಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ 200 ಊಟ ಬೇಯಿಸಿ 180 ಮಾರಿದರೆ, ಕಾಗದದ ಮೇಲೆ ಅಸಲು ಹುಟ್ಟಿದೆ. ಆದರೆ ಉಳಿದ 20 ಊಟದ 560 ರೂಪಾಯಿ ಹಾಳು, ತಿಂಗಳಿಗೆ 14,000. ತಪ್ಪು ಎಲ್ಲಿದೆಯೆಂದರೆ, 28 ರೂಪಾಯಿ ಬೇಯಿಸಿದ ಊಟದ ಖರ್ಚು, ಮಾರಿದ ಊಟದ್ದಲ್ಲ. ಮಾರಿದ 180ಕ್ಕೆ ಹಂಚಿದರೆ ಅದು 31 ರೂಪಾಯಿ ದಾಟುತ್ತದೆ.

ಇದನ್ನು ಹಿಡಿಯುವ ದಾರಿ ಸುಲಭ. ತಿಂಗಳ ಆರಂಭದ ದಾಸ್ತಾನಿಗೆ ಆ ತಿಂಗಳ ಖರೀದಿಯನ್ನು ಕೂಡಿಸಿ, ಕೊನೆಯ ದಿನ ಉಳಿದ ದಾಸ್ತಾನನ್ನು ಕಳೆಯಿರಿ. ಬಂದ ಮೊತ್ತವನ್ನು ಮಾರಾಟವಾದ ಟೋಕನ್‌ಗಳ ಸಂಖ್ಯೆಯಿಂದ ಭಾಗಿಸಿ. ಚೆಲ್ಲಿದ್ದು, ಉಳಿದದ್ದು ಎಲ್ಲವೂ ಅದರಲ್ಲಿ ಬಂದುಬಿಡುತ್ತದೆ. ಊಟದ ಬೆಲೆ ಏರಿಸುವ ಮಾತೆತ್ತುವ ಮುನ್ನ ಕ್ಯಾಂಟೀನ್ ಸಮಿತಿ ಈ ಒಂದು ಅಂಕಿಯನ್ನು ಕೇಳಿ ಪಡೆಯಲಿ.